ಅಕ್ಕ ಹತ್ತುವ ರೀತಿ

ನಮ್ಮ ಬಾಡಿಗೆ ಮನೆ ಹನುಮಂತನಗರದಲ್ಲಿ, ಮೊದಲ ಮಹಡಿಯ ಮೇಲೆ, ಕೆಳಗೆ ಓನರ್. ಮೆಟ್ಟಿಲು ಹೊರಗಡೆಯಿಂದ, ಕಾಂಪೌಂಡಿಗೆ ಅಂಟಿಕೊಂಡು ಹತ್ತುತ್ತದೆ. ಕಟ್ಟಿದ ಮೇಸ್ತ್ರಿಗೆ ಕೊನೆಯಲ್ಲಿ ಅಳತೆ ತಪ್ಪಿತೋ ಏನೋ, ಮೇಲ್ಗಡೆ ಒಂದು ಮೆಟ್ಟಿಲು ಮಾತ್ರ ಉಳಿದವಕ್ಕಿಂತ ಎತ್ತರ. ಹೊಸಬರು ಅಲ್ಲಿ ಎಡವಿ "ಅಯ್ಯೋ" ಎನ್ನುತ್ತಾರೆ. ಆ ಅಯ್ಯೋ ಕೇಳಿದ ಕೂಡಲೇ ಒಳಗೆ ನಾವು ಕಾಫಿಗೆ ಹಾಲಿಡುತ್ತೇವೆ. ಬೆಲ್ ಒತ್ತುವ ಅಗತ್ಯ ಯಾರಿಗೂ ಬಿದ್ದಿಲ್ಲ.

ನಾವು ಅಂದರೆ ನಾನು ಮತ್ತು ಅಕ್ಕ, ಅಕ್ಕತಂಗಿಯರಿಬ್ಬರೇ. ಇಬ್ಬರೂ ಮದುವೆಯಾಗಲಿಲ್ಲ, ಅದಕ್ಕೆ ಯಾರೂ ಕಾರಣವಲ್ಲ. ಅಕ್ಕ ಬ್ಯಾಂಕಿನಲ್ಲಿದ್ದಳು. ಕೌಂಟರಿನಿಂದ ಏಳುವಾಗ ಮೇಜು ಹಿಡಿಯಬೇಕಾಗಿ ಬಂದಾಗ ಮಂಡಿನೋವು ಅಂದುಕೊಂಡೆವು. ಡಾಕ್ಟರಿಂದ ಡಾಕ್ಟರಿಗೆ ಹೋಗಿ ಕೊನೆಗೆ ತಿಳಿದದ್ದು, ಅದು ಸೊಂಟದ, ತೊಡೆಯ ಸ್ನಾಯುಗಳು ನಿಧಾನವಾಗಿ ಸೋಲುತ್ತಾ ಹೋಗುವ ಕಾಯಿಲೆ ಎಂದು. ಔಷಧಿ ಇಲ್ಲ. ಆಮೇಲೆ ಭುಜ, ತೋಳುಗಳಿಗೂ ಬರಬಹುದು ಎಂದರು. ಅಕ್ಕ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದು, "ಸದ್ಯ, ಇನ್ನು ಬೆಳಿಗ್ಗೆ ಗಡಿಬಿಡಿ ಇಲ್ಲ" ಎಂದಳು. ಅಳುವ ಕೆಲಸವನ್ನು ನನಗೆ ಬಿಟ್ಟಳು. ಮನೆಯ ಬೇಜಾರಿನ ಕೆಲಸವೆಲ್ಲ ಮೊದಲಿನಿಂದಲೂ ನನ್ನ ಪಾಲಿಗೇ ಬರುತ್ತಿದ್ದದ್ದು.

ನನ್ನ ಕೆಲಸ ಏನೆಂದು ಬಂಧುಗಳಿಗೆ ಹೇಳಿ ಹೇಳಿ ಸಾಕಾಗಿ, ಈಗ "ಕಂಪ್ಯೂಟರ್" ಎಂದು ಮುಗಿಸುತ್ತೇನೆ. ಗವಿಪುರಂನಲ್ಲಿ ಹಳೆಯ ಮನೆಯೊಂದರ ಮಹಡಿಯಲ್ಲಿ ನಾವು ಕೆಲವರು ಸೇರಿ ಕಂಪ್ಯೂಟರ್ ಆಟಗಳನ್ನು ಮಾಡುತ್ತೇವೆ. ಆಟದೊಳಗಿನ ಮನುಷ್ಯರು ನಡೆಯುವಾಗ, ಹತ್ತುವಾಗ, ಅವರ ಕಾಲು ನೆಲಕ್ಕೆ ಸರಿಯಾಗಿ ಮುಟ್ಟುವಂತೆ ಪ್ರೋಗ್ರಾಂ ಬರೆಯುವುದು ನನ್ನ ಪಾಲು. ಆಗ ನಾವು ಹಿಡಿದಿದ್ದ ಆಟದಲ್ಲಿ ಹೊಡೆದಾಟ ಇರಲಿಲ್ಲ. ನಡುವಯಸ್ಸಿನ ಒಬ್ಬ ಹೆಂಗಸು ಹಳೇ ಬಡಾವಣೆಯಲ್ಲಿ ಮನೆಮನೆಗೆ ಕ್ಯಾರಿಯರ್ ಊಟ ಕೊಟ್ಟು ಬರುತ್ತಾಳೆ, ಅಷ್ಟೇ. ಊಟ ತರಿಸುವವರೆಲ್ಲ ಮಹಡಿಯ ಮೇಲೆ ಇರುವವರು. ಹೀಗಾಗಿ ಆಟ ಪೂರ್ತಿ ಮೆಟ್ಟಿಲು.

ನಮ್ಮ ಅನಿಮೇಟರ್ ಚಾಮರಾಜಪೇಟೆಯವನು, ಒಳ್ಳೆಯ ಕಣ್ಣಿನವನು. ಮನುಷ್ಯರ ಚಲನೆಯನ್ನು ಭಂಗಿ ಭಂಗಿಯಾಗಿ ಕೂಡಿಸುವುದು ಅವನ ಕೆಲಸ. ಇಂಥ ಹೆಂಗಸು ಹತ್ತುವುದನ್ನು ಎಲ್ಲಿ ನೋಡಿ ಕಲಿಯಲಿ ಎಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ, ನಾನು ಮನೆಯಲ್ಲಿ ಆ ಮಾತು ಎತ್ತಿದೆ. ಅಕ್ಕ ಬಿಡಿಸುತ್ತಿದ್ದ ಅವರೆಕಾಯಿ ಬಿಟ್ಟು ತಲೆ ಎತ್ತಿದಳು.

"ನಾನು ಹತ್ತೋದನ್ನ ತೆಗೀಲಿ" ಎಂದಳು.

"ನೀನು ಹತ್ತೋದು ಬೇರೆ ಥರ ಅಕ್ಕ."

"ಅದಕ್ಕೇ ಹೇಳಿದ್ದು. ಇನ್ನೂ ಹತ್ತಕ್ಕಾಗ್ತಿದೆ. ಆಗ್ತಿರೋವಾಗ್ಲೇ ತೆಗೆದಿಟ್ಕೊಳ್ಳಿ. ಎಲ್ಲಾದ್ರೂ ಒಂದು ಕಡೆ ಇರಲಿ, ನಾನು ಹತ್ತಿದ್ದು."

ನಾನು ಅನಿಮೇಟರ್‌ಗೆ ಹೇಳಿದೆ. ಒಂದು ಭಾನುವಾರ ಬೆಳಿಗ್ಗೆ ಅವನು ಕ್ಯಾಮೆರಾ ತಂದ. ಅಕ್ಕ ರೇಷ್ಮೆ ಅಂಚಿನ ಸೀರೆ ಉಟ್ಟು ರೆಡಿಯಾಗಿದ್ದಳು. "ಸಿನಿಮಾ ಅಲ್ಲ ಕಣೇ, ಕಾಲು ಕಾಣ್ಬೇಕು" ಎಂದು ನಾನು ಗದರಿ ಸಲ್ವಾರ್ ಹಾಕಿಸಿದೆ. ನಮ್ಮ ಮೆಟ್ಟಿಲನ್ನೇ ಅಳತೆ ತೆಗೆದುಕೊಂಡು ಆಟದಲ್ಲಿ ಕಟ್ಟುವುದೆಂದೂ ಅಂದೇ ತೀರ್ಮಾನವಾಯಿತು, ಆ ಎತ್ತರದ ಮೆಟ್ಟಿಲೂ ಸೇರಿ.

ಅಕ್ಕ ಹತ್ತುವ ರೀತಿಯನ್ನು ನಾನು ದಿನಾ ನೋಡುತ್ತಿದ್ದರೂ ನೋಡಿರಲಿಲ್ಲ. ಬಲಗಾಲು ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಬಲಗೈ ಬಲತೊಡೆಯ ಮೇಲೆ ಊರುತ್ತದೆ. ಆಮೇಲೆ ಏನೂ ಆಗುವುದಿಲ್ಲ. ಒಂದು ಕ್ಷಣ ಅವಳು ಹಾಗೇ ನಿಲ್ಲುತ್ತಾಳೆ. ಮೈ ಮುಂದಕ್ಕೆ ಬಾಗಿ ಸೊಂಟ ಸ್ವಲ್ಪ ಕುಸಿಯುತ್ತದೆ. ಕುಸಿದದ್ದೇ ತೊಡೆ ಅದುಮಿ ಒಂದೇ ಉಸಿರಿಗೆ ಮೇಲೇಳುತ್ತಾಳೆ. ಎಡಗಾಲು ಬಂದು ಬಲಗಾಲಿನ ಪಕ್ಕ, ಅದೇ ಮೆಟ್ಟಿಲಿಗೆ ಸೇರುತ್ತದೆ. ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಮೇಲೆ ತಲುಪಿ ಅವಳು ಕ್ಯಾಮೆರಾ ಕಡೆ ತಿರುಗಿ "ಬಂತಾ?" ಎಂದಳು.

"ಬಂತಕ್ಕ. ಇಳಿಯೋದೂ ಒಂದ್ಸಲ ತೆಗೆದ್ಬಿಡೋಣ" ಎಂದ ಅನಿಮೇಟರ್.

"ಈಗಾಗಲ್ಲಪ್ಪ, ಸುಸ್ತಾಯ್ತು. ಇಳಿಯೋದೇನು ಮಹಾ, ಇನ್ನೊಂದಿನ ತೆಗೆದ್ರಾಯ್ತು. ಉಪ್ಪಿಟ್ಟು ತಿಂದು ಹೋಗು."

ಅವನು ಉಪ್ಪಿಟ್ಟು ತಿಂದು, ಎರಡನೇ ಸಲ ಹಾಕಿಸಿಕೊಂಡು ಹೋದ.

ಈಗ ನನ್ನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಟದೊಳಗಿನ ಮನುಷ್ಯ ನಮ್ಮ ಕಣ್ಣಿಗೆ ಮನುಷ್ಯ. ಯಂತ್ರದ ಲೆಕ್ಕಕ್ಕೆ ಮಾತ್ರೆಯಂಥ ಒಂದು ಕಾಣದ ಕ್ಯಾಪ್ಸೂಲ್. ಗೋಡೆಗೆ ಡಿಕ್ಕಿ ಹೊಡೆಯುವುದು, ಮೆಟ್ಟಿಲು ಹತ್ತುವುದು ಎಲ್ಲ ಅದೇ. ಅದಕ್ಕೆ ಕಾಲಿಲ್ಲ. ಮೆಟ್ಟಿಲಿನ ಅಂಚು ಸಿಕ್ಕಿದೊಡನೆ ಪಟಕ್ಕನೆ ಮೇಲಿನ ಮೆಟ್ಟಿಲಿನ ಎತ್ತರಕ್ಕೆ ಹಾರಿ ಕೂರುತ್ತದೆ. ಮೈ ಅದರ ಜೊತೆಗೇ ಇರುವುದರಿಂದ ಮೈಯೂ ಹಾರುತ್ತದೆ. ನೋಡುವವರಿಗೆ ಹೆಂಗಸನ್ನು ಯಾರೋ ಜುಟ್ಟು ಹಿಡಿದು ಎತ್ತಿದಂತೆ ಕಾಣುತ್ತದೆ. ಇದನ್ನು ನಯ ಮಾಡಲು ಒಂದು ಉಪಾಯವಿದೆ. ಕ್ಯಾಪ್ಸೂಲ್ ಎಷ್ಟು ಮೇಲೆ ಹಾರಿತೋ ಅಷ್ಟೇ ಮೈಯನ್ನು ಕೆಳಗೆ ಹಿಡಿದಿಟ್ಟು, ಆ ಅಂತರವನ್ನು ನಿಧಾನವಾಗಿ ಸೊನ್ನೆಗೆ ತರುವುದು. ಆಗ ಕ್ಯಾಪ್ಸೂಲ್ ಹಾರಿದರೂ ಮೈ ಹಾರದೆ ಏರುತ್ತದೆ.

ಪಾದದ ಲೆಕ್ಕ ಬೇರೆ. ಪ್ರತಿ ಪಾದದಿಂದ ಕೆಳಕ್ಕೆ ಒಂದು ಕಾಣದ ಗೆರೆ ಬಿಟ್ಟು, ಅಲ್ಲಿ ಮೆಟ್ಟಿಲು ಎಷ್ಟು ಎತ್ತರಕ್ಕಿದೆ ಎಂದು ನೋಡಿ, ಪಾದವನ್ನು ಅಲ್ಲೇ ಊರಿಸಬೇಕು. ಪಾದ ಎಲ್ಲಿದೆ, ಸೊಂಟ ಎಲ್ಲಿದೆ ಎಂದು ಗೊತ್ತಾದರೆ ಮಂಡಿ ಎಷ್ಟು ಮಡಚಬೇಕು ಎಂಬುದು ಲೆಕ್ಕದಿಂದ ಬರುತ್ತದೆ. ಇದನ್ನು ನಮ್ಮವರು ಐಕೆ ಎನ್ನುತ್ತಾರೆ. ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರವಿದ್ದರೂ ಪಾದ ತಪ್ಪದೆ ಅದರ ಮೇಲೇ ಇರುವುದು ಇದರಿಂದ.

ಒಂದೊಂದೂ ಬಿಡಿಯಾಗಿ ಸಲೀಸು. ಎರಡನ್ನೂ ಸೇರಿಸಿದಾಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೈಯನ್ನು ನಾನು ಕೆಳಗೆ ಹಿಡಿದಿಟ್ಟರೆ ಪಾದವೂ ಅದರೊಟ್ಟಿಗೆ ಇಳಿದು ಮೆಟ್ಟಿಲೊಳಗೆ ಹೂತುಹೋಗುತ್ತಿತ್ತು. ಪಾದದ ಜಾಗವನ್ನು ಕ್ಯಾಪ್ಸೂಲಿನಿಂದ ಅಳೆದು, ಕೆಳಗೆ ಸರಿದ ಮೈಯಿಂದ ಊರಿಸುತ್ತಿದ್ದೆ. ಅದು ಹೊಸಬರ ತಪ್ಪು, ನಾನು ಹಳಬಳಾಗಿಯೂ ಮಾಡಿದೆ. ಮೊದಲು ಮೈಯನ್ನು ಅದರ ಜಾಗದಲ್ಲಿಟ್ಟು, ಆಮೇಲೆ ಪಾದವನ್ನು ಮೆಟ್ಟಿಲಿನ ನಿಜವಾದ ಎತ್ತರಕ್ಕೇ ಕಟ್ಟಿದಾಗ ಪಾದ ಗಟ್ಟಿಯಾಗಿ ನಿಂತಿತು. ಎತ್ತರದ ಮೆಟ್ಟಿಲಿನಲ್ಲಿ ಮಂಡಿ ತಾನಾಗಿಯೇ ಹೆಚ್ಚು ಮಡಚಿತು. ನೋಡಿ ಖುಷಿಯಾಯಿತು.

ಅಷ್ಟರಲ್ಲಿ ಆಟ ಆಡಿ ನೋಡಿದವರು ತಲೆ ಸುತ್ತುತ್ತದೆ ಎಂದು ದೂರಿದರು. ಕ್ಯಾಮೆರಾ ಹೆಂಗಸಿನ ಸೊಂಟಕ್ಕೆ ಕಟ್ಟಿತ್ತು. ಅವಳು ಕುಸಿದಾಗ, ಎದ್ದಾಗ ಪರದೆ ಪೂರ್ತಿ ತೂಗುತ್ತಿತ್ತು. ನಮ್ಮ ಸ್ಟುಡಿಯೋ ಮಾಲೀಕ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು.

"ಸ್ಮೂತ್ ಮಾಡ್ಬಿಡು, ಇನ್ನೂ ಸ್ಮೂತ್ ಮಾಡು. ದುಡ್ಡು ಹಾಕೋ ಪಬ್ಲಿಷರ್‌ಗೆ ತೋರಿಸ್ಬೇಕು. ವಾಂತಿ ಬರೋ ಆಟ ಯಾರು ತಗೋತಾರೆ?" ಎಂದ.

ನಾನು ಮಾಡಿದೆ. ಕ್ಯಾಪ್ಸೂಲ್ ಹಾರಿದ್ದನ್ನು ಮಾತ್ರ ನಯ ಮಾಡುತ್ತಿದ್ದವಳು ಸೊಂಟದ ಒಟ್ಟು ಎತ್ತರವನ್ನೇ ಹಿಡಿದು ನಯ ಮಾಡಿಬಿಟ್ಟೆ. ಪರದೆ ತಣ್ಣಗಾಯಿತು, ಯಾರಿಗೂ ತಲೆ ಸುತ್ತಲಿಲ್ಲ. ಮಾಲೀಕ ಬೆನ್ನು ತಟ್ಟಿದ. ಲ್ಯಾಪ್‌ಟಾಪ್ ಮನೆಗೆ ತಂದು, ಬಹಳ ಜಂಬದಿಂದಲೇ ಅಕ್ಕನ ಮುಂದೆ ಇಟ್ಟೆ.

ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು. ಪರದೆಯಲ್ಲಿ ನಮ್ಮ ಮೆಟ್ಟಿಲು, ನಮ್ಮ ಕಾಂಪೌಂಡು, ಓನರ್ ಮನೆಯ ದಾಸವಾಳ ಕೂಡ ಇತ್ತು. ಹೆಂಗಸು ಕ್ಯಾರಿಯರ್ ಹಿಡಿದು ಹತ್ತಿ ಹೋದಳು. ಅಕ್ಕ ಇನ್ನೊಮ್ಮೆ ತೋರಿಸು ಎಂದಳು. ತೋರಿಸಿದೆ.

"ಚೆನ್ನಾಗಿದೆ" ಎಂದಳು. ಅವಳ ಚೆನ್ನಾಗಿದೆ ನನಗೆ ಗೊತ್ತು. ಉಪ್ಪಿಲ್ಲದ ಸಾರಿಗೂ ಅದನ್ನೇ ಹೇಳುತ್ತಾಳೆ.

"ಏನಾಯ್ತು, ಹೇಳು."

"ಇವಳ್ಯಾರೋ ಲಿಫ್ಟಲ್ಲಿ ಹೋಗ್ತಿದಾಳೆ ಕಣೇ. ಕಾಲು ನಂದೇ, ಕೈ ನಂದೇ. ಆದ್ರೆ ಕಷ್ಟ ಎಲ್ಲಿ?"

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಯಂತ್ರ ಹಾರಿದ್ದನ್ನು ಅಳಿಸಲು ಹೋಗಿ, ಅವಳು ಕುಸಿದು ಎದ್ದದ್ದನ್ನೂ ಅಳಿಸಿದ್ದೆ. ಪಾದ ಮೆಟ್ಟಿಲಿಗೆ ಸರಿಯಾಗಿ ಊರುತ್ತಿತ್ತು, ಕೈ ತೊಡೆ ಒತ್ತುತ್ತಿತ್ತು, ಮೈ ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲದಂತೆ ಒಂದೇ ಸಮನೆ ಮೇಲಕ್ಕೆ ತೇಲುತ್ತಿತ್ತು. ಅನಿಮೇಟರ್‌ಗೂ ಅದು ಗೊತ್ತಿತ್ತಂತೆ. ಮಾರನೆಯ ದಿನ ಕೇಳಿದಾಗ, "ನೀವು ಸೀನಿಯರ್ ಮೇಡಂ, ಏನೋ ಯೋಚ್ನೆ ಮಾಡೇ ಮಾಡಿರ್ತೀರಿ ಅಂದ್ಕೊಂಡೆ" ಎಂದ. ಇಂಥ ಮರ್ಯಾದೆ ಯಾರಿಗೆ ಬೇಕು.

ಸರಿ ಮಾಡಲು ಕೂತೆ. ಮೊದಲು ಕ್ಯಾಮೆರಾವನ್ನು ಸೊಂಟದಿಂದ ಬಿಡಿಸಿ, ಅದಕ್ಕೆ ಬೇರೆಯದೇ ನಯ ಕೊಟ್ಟೆ. ನೋಡುವವರ ತಲೆ ಸುತ್ತದಿರಲು ನನ್ನ ಅಕ್ಕ ತೇಲಬೇಕಾಗಿಲ್ಲವಲ್ಲ. ಆಮೇಲೆ ಕ್ಯಾಪ್ಸೂಲಿನ ಹಾರಿಕೆಯನ್ನಷ್ಟೇ ನಯ ಮಾಡಿ, ಅನಿಮೇಟರ್ ಕೂಡಿಸಿದ್ದ ಕುಸಿತ, ಏಳುವಿಕೆ ಎರಡನ್ನೂ ಅದರ ಮೇಲೆ ಹಾಗೇ ಕೂರಿಸಿದೆ. ಅಕ್ಕ ಮುಕ್ಕಾಲು ಪಾಲು ವಾಪಸು ಬಂದಳು. ಇನ್ನೂ ಏನೋ ಸುಳ್ಳಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಆ ಎತ್ತರದ ಮೆಟ್ಟಿಲನ್ನು, ಅದನ್ನು ಕಟ್ಟಿದ ಮೇಸ್ತ್ರಿಯನ್ನು, ಅಳತೆ ತೆಗೆದವರನ್ನು ಬೈದುಕೊಂಡು ದಿನಗಳನ್ನು ಕಳೆದೆ.

ಆ ದಿನಗಳಲ್ಲೇ ಅಕ್ಕ ಕೂತುಬಿಟ್ಟದ್ದು. ಬೆಳಿಗ್ಗೆ ಸೊಪ್ಪಿನವಳ ಕೂಗು ಕೇಳಿ ಇಳಿಯಲು ಹೋಗಿದ್ದಾಳೆ. ಇಳಿಯುವಾಗ ಹಿಂದಿನ ಕಾಲಿನ ಮಂಡಿ ಮೈಭಾರವನ್ನೆಲ್ಲ ಹಿಡಿದು ನಿಧಾನವಾಗಿ ಮಡಚಬೇಕು, ಆಗಷ್ಟೇ ಮುಂದಿನ ಪಾದ ಕೆಳಗಿನ ಮೆಟ್ಟಿಲು ತಲುಪುವುದು. ಆ ಎತ್ತರದ ಮೆಟ್ಟಿಲಿನಲ್ಲಿ ಅವಳ ಮಂಡಿ ಹಿಡಿಯಲಿಲ್ಲ, ಬಿಟ್ಟುಬಿಟ್ಟಿತು. ಬೀಳಲಿಲ್ಲ, ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನು ಓಡಿಹೋಗಿ ಕಂಕುಳಿಗೆ ಕೈ ಕೊಟ್ಟೆ. ಎತ್ತಲಾಗಲಿಲ್ಲ. ಪಾದವನ್ನು ಸರಿಯಾದ ಜಾಗಕ್ಕೆ ಎತ್ತಿಟ್ಟೆ, ಮಂಡಿ ಹಿಡಿದೆ, ಎಲ್ಲಿ ಎಷ್ಟು ಬಲ ಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು. ಕೊನೆಗೆ ಓನರ್, ಅವರ ಅಳಿಯ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಒಳಗೆ ಹೊತ್ತು ತಂದರು. ಅಕ್ಕ ಅವರಿಗೆ "ಕಾಫಿ ಕುಡ್ಕೊಂಡು ಹೋಗಿ" ಎಂದಳು.

ಆವತ್ತಿನಿಂದ ಅವಳು ಇಳಿದಿಲ್ಲ.

ನೆಲದ ಮಟ್ಟದ ಮನೆಗಾಗಿ ನಾನು ಸುತ್ತದ ಬೀದಿಯಿಲ್ಲ. ಈ ಕಡೆ ಹಳೇ ಮನೆಗಳನ್ನೆಲ್ಲ ಒಡೆದು ಕೆಳಗೆ ಪಾರ್ಕಿಂಗ್ ಬಿಟ್ಟಿದ್ದಾರೆ, ಕಾರುಗಳಿಗೆ ನೆಲ ಸಿಕ್ಕಿದೆ. ಲಿಫ್ಟ್ ಇರುವ ಕಡೆ ಹೋಗೋಣವೆಂದರೆ ಊರಾಚೆ. "ಅಲ್ಲಿ ಹೋಗಿ ಕೆಳಗಿಳಿದು ಯಾರನ್ನ ಮಾತಾಡಿಸ್ಲಿ?" ಎಂದು ಅಕ್ಕ ಕೇಳಿದಳು. ನಮ್ಮ ಮೆಟ್ಟಿಲಿಗೆ ಕುರ್ಚಿ ಏರಿಸುವ ಯಂತ್ರ ಹಾಕಿಸಲು ಬಂದವನು ಟೇಪು ಹಿಡಿದು, "ಅಗಲ ಸಾಲಲ್ಲ ಮೇಡಂ, ಓನರ್ ಮನೆಯೋರು ಟೆರೇಸಿಗೆ ಓಡಾಡಕ್ಕಾಗಲ್ಲ" ಎಂದು ಹೋದ. ಅಕ್ಕ ದಿನವೂ ಕಿಟಕಿಯ ಹತ್ತಿರ ಕೂತು, ಸೊಪ್ಪಿನವಳಿಗೆ ಬುಟ್ಟಿಯನ್ನು ಹಗ್ಗದಲ್ಲಿ ಬಿಟ್ಟು ವ್ಯಾಪಾರ ಮಾಡತೊಡಗಿದಳು. ಅದನ್ನು ನೋಡಿಕೊಂಡು ನಾನು ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ಹೋಗಿ ದಿನವಿಡೀ ಅವಳನ್ನು ಮೆಟ್ಟಿಲು ಹತ್ತಿಸುತ್ತಿದ್ದೆ. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತಿತ್ತು.

ಉಳಿದಿದ್ದ ಸುಳ್ಳು ಒಂದು ಮಧ್ಯಾಹ್ನ ಸಿಕ್ಕಿತು, ಹಳೆಯ ವಿಡಿಯೋವನ್ನು ಮತ್ತೆ ನೋಡುವಾಗ. ನಾನು ಮೈಯನ್ನು ಗಡಿಯಾರ ನೋಡಿ ಏರಿಸುತ್ತಿದ್ದೆ. ಕ್ಯಾಪ್ಸೂಲ್ ಹಾರಿದ ಕ್ಷಣದಿಂದಲೇ ಅಂತರ ಕರಗತೊಡಗುತ್ತಿತ್ತು. ಅಂದರೆ ಅಕ್ಕ ತೊಡೆಯ ಮೇಲೆ ಕೈಯೂರಿ ನಿಂತು ಕಾಯುತ್ತಿರುವಾಗಲೇ ಮೈ ಕದ್ದು ಏರಿಬಿಡುತ್ತಿತ್ತು. ಅವಳು ಅದುಮಿ ಏಳುವ ಹೊತ್ತಿಗೆ ಏಳಲು ಏನೂ ಉಳಿದಿರುತ್ತಿರಲಿಲ್ಲ. ಅನಿಮೇಟರ್ ಜೊತೆ ಕೂತು ಅವನ ಚಲನೆಯೊಳಗೇ ಒಂದು ಗುರುತು ಹಾಕಿಸಿದೆ. ಕೈ ಊರಿ ಕಾಯುವವರೆಗೆ ಅಂತರವನ್ನು ಹಾಗೇ ಹಿಡಿ. ಅವಳು ಭಾರ ಬಲಗಾಲಿಗೆ ಬಿಟ್ಟು ಎದ್ದಾಗ ಮಾತ್ರ ಬಿಡು. ಎತ್ತರದ ಮೆಟ್ಟಿಲಾದರೆ ಅಂತರ ದೊಡ್ಡದು, ಹಾಗಾಗಿ ಅವಳು ಏಳುವುದೂ ದೊಡ್ಡದಾಯಿತು. ಓಡಿಸಿ ನೋಡಿದೆವು. ಅನಿಮೇಟರ್ ಕಣ್ಣೊರೆಸಿಕೊಂಡು ಸಿಗರೇಟಿಗೆಂದು ಕೆಳಗೆ ಹೋದ, ಅವನು ಸಿಗರೇಟು ಸೇದುವವನಲ್ಲ.

ಮಾಲೀಕನಿಗೆ ಈಗ ಇಳಿಯುವುದೂ ಬೇಕಾಗಿತ್ತು. ಊಟ ಕೊಟ್ಟ ಹೆಂಗಸು ವಾಪಸು ಬರಬೇಡವೇ. ಅನಿಮೇಟರ್ ನನ್ನ ಮುಖ ನೋಡಿದ. "ಅಕ್ಕನ್ನ ಕೇಳೋದಾ?" ಎಂದ.

"ಅವಳು ಇಳಿಯಲ್ಲ" ಎಂದೆ. ನಾನೇ ಕ್ಯಾಮೆರಾ ಮುಂದೆ ನಮ್ಮ ಮೆಟ್ಟಿಲು ಇಳಿದೆ. ಕಷ್ಟಪಡುವವಳಂತೆ ಇಳಿಯಲು ನೋಡಿದೆ, ಸೊಂಟ ಬಾಗಿಸಿದೆ, ಕಂಬಿ ಹಿಡಿದೆ. ಅದು ಎಷ್ಟು ನಾಚಿಕೆಯ ಕೆಲಸ ಎಂದು ಇಳಿದ ಮೇಲೆ ತಿಳಿಯಿತು. ಮೇಲೆ ಕಿಟಕಿಯಲ್ಲಿ ಅಕ್ಕ ಇದ್ದಳು. ಇಳಿಯುವಾಗ ಲೆಕ್ಕ ತಿರುವುಮುರುವು: ಕ್ಯಾಪ್ಸೂಲ್ ಮೊದಲೇ ಕೆಳಗೆ ಬೀಳುತ್ತದೆ, ಮೈಯನ್ನು ಮೇಲೆ ಹಿಡಿದಿರಬೇಕು. ತೀರ ಮೇಲೆ ಹಿಡಿದರೆ ಕೆಳಗಿನ ಪಾದ ಮೆಟ್ಟಿಲಿಗೆ ಎಟುಕದೆ ಗಾಳಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಕೆಳಗಿನ ಪಾದ ಎಟುಕುವಷ್ಟು ಸೊಂಟವನ್ನು ಇಳಿಸಲೇಬೇಕು, ಹಿಂದಿನ ಮಂಡಿ ಅಷ್ಟೂ ಮಡಚಲೇಬೇಕು. ಪರದೆಯ ಮಂಡಿ ಹೇಳಿದಷ್ಟು ಮಡಚಿತು, ಬಿಡಲಿಲ್ಲ.

ಶನಿವಾರ ಲ್ಯಾಪ್‌ಟಾಪ್ ಮತ್ತು ಆಟದ ಕಂಟ್ರೋಲರ್ ಎರಡನ್ನೂ ಮನೆಗೆ ತಂದೆ. ಅಕ್ಕ ಕಂಟ್ರೋಲರನ್ನು ತಾನೇ ಹಿಡಿಯುತ್ತೇನೆ ಎಂದಳು. ಹೆಬ್ಬೆರಳಿನಿಂದ ಒತ್ತಿದಳು. ಪರದೆಯಲ್ಲಿ ಹೆಂಗಸು ಬಲಗಾಲು ಎತ್ತಿಟ್ಟಳು, ತೊಡೆ ಹಿಡಿದಳು, ನಿಂತಳು, ಕುಸಿದಳು, ಎದ್ದಳು. ಎಡಗಾಲು ಬಂದು ಸೇರಿತು. ಎತ್ತರದ ಮೆಟ್ಟಿಲು ಬಂದಾಗ ಅಕ್ಕನ ಬೆನ್ನು ಕುರ್ಚಿಯಿಂದ ಮುಂದೆ ಬಂತು, ಉಸಿರು ಕಟ್ಟಿತು. ಹೆಂಗಸು ಎದ್ದ ಮೇಲೆ ಅಕ್ಕ ಉಸಿರು ಬಿಟ್ಟಳು.

"ಹ್ಞಾ, ಇದು ನಾನು" ಎಂದಳು. ಅಷ್ಟು ಸಂತೋಷವನ್ನು ಅವಳ ಮುಖದಲ್ಲಿ ಕಂಡು ಬಹಳ ದಿನವಾಗಿತ್ತು. ನನಗೆ ಮಾತ್ರ ಸಂಕಟವಾಯಿತು.

ಆಮೇಲೆ ಇಳಿಸಿದಳು. ಎರಡು ಮೆಟ್ಟಿಲು ಇಳಿಯುವುದರೊಳಗೆ ನಕ್ಕಳು. "ಇದು ನೀನು. ನಾಟಕ ಮಾಡ್ತಿದೀಯ."

"ಗೊತ್ತಾಗತ್ತಾ?"

"ಗೊತ್ತಾಗಲ್ವೇನೇ. ಇರಲಿ ಬಿಡು. ಕೆಳಗೆ ಹೋಗ್ಬೇಕಲ್ಲ, ಯಾರ ಕಾಲಾದ್ರೇನು."

ಹೆಂಗಸು ಇಳಿದು ದಾಸವಾಳದ ಪಕ್ಕ, ಗೇಟಿನ ಹತ್ತಿರ ಬಂದು ನಿಂತಳು. ಅಕ್ಕ ಒತ್ತುತ್ತಲೇ ಇದ್ದಳು. ಹೆಂಗಸು ಗೇಟಿಗೆ ಮುಖ ಮಾಡಿ ನಿಂತ ಜಾಗದಲ್ಲೇ ಹೆಜ್ಜೆ ಹಾಕುತ್ತಿದ್ದಳು.

"ಮುಂದಕ್ಕೆ ಹೋಗ್ತಿಲ್ವಲ್ಲೇ."

"ಬೀದಿ ಇನ್ನೂ ಕಟ್ಟಿಲ್ಲ ಅಕ್ಕ. ಪಬ್ಲಿಷರ್ ಒಪ್ಪಿದ್ರೆ ಆಮೇಲೆ."

ಅಕ್ಕ ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಲಗೈಯನ್ನು ಎತ್ತಿ, ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. ಭುಜದ ಎತ್ತರಕ್ಕೆ ತರಲು ಎಡಗೈ ಆಸರೆ ಕೊಟ್ಟದ್ದನ್ನು ನಾನು ಆಗ ಗಮನಿಸಿದೆ. ಅದು ಯಾವಾಗಿನಿಂದ ಶುರುವಾಗಿತ್ತೋ, ಅವಳು ಹೇಳಿರಲಿಲ್ಲ.

"ಅವರು ಒಪ್ಪೋವರ್ಗೂ ಕಾಯ್ಬೇಡ. ಸೊಪ್ಪಿನ ಗಾಡಿ ನಿಲ್ಲೋ ತಿರುವಿನ ತನಕ ಕಟ್ಟು, ಸಾಕು" ಎಂದಳು. "ಕೈ ಆಡ್ತಿರೋವಾಗ್ಲೇ ಕಟ್ಬಿಡು."

ನಾನು ಹ್ಞೂಂ ಎಂದೆ. ಅವಳು ಮತ್ತೆ ಕಂಟ್ರೋಲರ್ ತೆಗೆದುಕೊಂಡು ಹೆಂಗಸನ್ನು ತಿರುಗಿಸಿ ಮೆಟ್ಟಿಲು ಹತ್ತಿಸತೊಡಗಿದಳು.